ಥೋರಿಯಂ ಇದ್ದರೂ ಯುರೇನಿಯಂ ಯಾಕೆ?

ಪ್ರಶ್ನೆ: ಕೇರಳದ ಮರಳಲ್ಲಿ ಅಷ್ಟೊಂದು ಥೋರಿಯಂ ಇದೆಯಂತೆ. ಅದನ್ನೇ ಹಾಕಿ ಕರೆಂಟ್ ಮಾಡೋಕಾಗಲ್ವಾ?

ಸುಮ್ನೆ ಹಾಕಿದರೆ ಆಗುವುದಿಲ್ಲ. ಒಂದು ಪರಮಾಣು ಒಡೆದಾಗ ಬರುವ ನ್ಯೂಟ್ರಾನ್ ಇನ್ನೊಂದನ್ನು ಒಡೆಯುತ್ತಾ ಹೋಗುವ ಸರಪಳಿ ಕ್ರಿಯೆಯನ್ನು ಥೋರಿಯಂ-232 ತಾನಾಗಿ ನಡೆಸಲಾರದು. ಒಲೆಯಲ್ಲಿಟ್ಟ ಹಸಿ ಸೌದೆಯ ಹಾಗೆ, ಮೊದಲು ಬೇರೆ ಬೆಂಕಿ ಬೇಕು.

ಯುರೇನಿಯಂ ಅಥವಾ ಪ್ಲುಟೋನಿಯಂ ಒಡೆದಾಗ ಬರುವ ನ್ಯೂಟ್ರಾನನ್ನು ಅದು ನುಂಗಿ ಥೋರಿಯಂ-233 ಆಗುತ್ತದೆ. ಬೇಗನೆ ಪ್ರೊಟಾಕ್ಟಿನಿಯಂ-233 ಆಗುತ್ತದೆ. ಅಲ್ಲಿಂದ ನಿಧಾನ: ಅದರಲ್ಲಿ ಅರ್ಧ ಯುರೇನಿಯಂ-233 ಆಗಲು ಸುಮಾರು 27 ದಿನ ಬೇಕು. ನಿಜವಾದ ಇಂಧನ ಇದೇ.

ನಮ್ಮಲ್ಲಿ ಯುರೇನಿಯಂ ಕಡಿಮೆ, ಥೋರಿಯಂ ಜಾಸ್ತಿ. ಹೋಮಿ ಭಾಭಾ ಅವರ ಮೂರು ಹಂತದ ಅಣುಶಕ್ತಿ ಯೋಜನೆಯಲ್ಲಿ ಥೋರಿಯಂ ಕೊನೆಗೆ ಬರುವುದು ಇದಕ್ಕೇ: ಮೊದಲೆರಡು ಹಂತ ಆ ಬೆಂಕಿ ಕೂಡಿಡಲು. ಕಲ್ಪಾಕ್ಕಂನ ಕಾಮಿನಿ ರಿಯಾಕ್ಟರ್ ಯುರೇನಿಯಂ-233ರಿಂದಲೇ ನಡೆಯುತ್ತದೆ, ಆದರೆ ಬರೀ 30 ಕಿಲೋವ್ಯಾಟ್.

ದೊಡ್ಡ ತಲೆನೋವು ಜೊತೆಗೇ ಹುಟ್ಟುವ ಯುರೇನಿಯಂ-232. ಅದು ಕ್ಷಯಿಸುತ್ತಾ ತೀವ್ರ ಗಾಮಾ ಕಿರಣ ಬರುತ್ತದೆ. ಹಾಗಾಗಿ ಮರುಬಳಕೆಯ ಇಂಧನವನ್ನು ದಪ್ಪ ಗೋಡೆಯಾಚೆಯಿಂದ, ಯಂತ್ರದ ಕೈಗಳಿಂದಲೇ ತಯಾರಿಸಬೇಕು.