ಹಾಳೆತಟ್ಟೆಯ ಎಐ ಚಿತ್ರಗಳು: ಕ್ಲೈಂಟ್‌ಗೆ ಕಳಿಸುವ ಮುಂಚೆ ಏನೇನು ನೋಡಬೇಕು

ಪ್ರಶ್ನೆ: ಬದಿಯಡ್ಕ ಹತ್ತಿರದ ಒಂದು ಅಡಿಕೆ ಹಾಳೆತಟ್ಟೆ ಯೂನಿಟ್‌ಗೆ ಎಐನಲ್ಲಿ ಅರುವತ್ತು ಚಿತ್ರ ಮಾಡಿ ಇಟ್ಟಿದ್ದೇನೆ. ತೋಟ, ಮದುವೆ ಊಟ, ಕೈಯಲ್ಲಿ ತಟ್ಟೆ ಹಿಡಿದವರು, ಪ್ಯಾಕೆಟ್, ಎಲ್ಲ ಇದೆ. ಬೆರಳು, ನೆರಳು, ಪ್ರಾಡಕ್ಟ್ ತಪ್ಪಿದ್ದು ಕಣ್ಣಿಗೆ ಬೀಳುವ ಹಾಗೆ ಚೆಕ್ ಮಾಡುವುದು ಹೇಗೆ? ಏನಾದರೂ ಲಿಸ್ಟ್ ಇದೆಯಾ?

ನಾನು ಕುಂಬಳೆಯಲ್ಲಿದ್ದುಕೊಂಡು ಇದೇ ಕೆಲಸ ಮಾಡುತ್ತೇನೆ. ಈ ಕಡೆಯ ಹಾಳೆತಟ್ಟೆ, ತೆಂಗಿನೆಣ್ಣೆ, ಹಪ್ಪಳದ ಸಣ್ಣ ಯೂನಿಟ್‌ಗಳಿಗೆ ಚಿತ್ರ ಮಾಡಿಕೊಡುತ್ತೇನೆ. ಹಾಗಾಗಿ ನಿಮ್ಮ ಹಾಳೆತಟ್ಟೆಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಒಂದು ಕ್ರಮ. ಒಂದು ಚಿತ್ರ ತೆರೆದು ಅದರಲ್ಲಿ ಬೆರಳು, ನೆರಳು, ಲೇಬಲ್ ಎಲ್ಲ ಒಟ್ಟಿಗೆ ನೋಡಿ ಮುಂದಿನದಕ್ಕೆ ಹೋಗಬೇಡಿ. ಹತ್ತನೇ ಚಿತ್ರಕ್ಕೇ ಕಣ್ಣು ಸೋಲುತ್ತದೆ. ಒಂದು ಸುತ್ತಿನಲ್ಲಿ ಒಂದೇ ವಿಷಯ, ಅದೂ ಎಲ್ಲ ಅರುವತ್ತಕ್ಕೂ. ಮೊದಲ ಸುತ್ತು ಪ್ರಾಡಕ್ಟ್, ಎರಡನೆಯದು ಕೈ, ಕೊನೆಯದು ನೆರಳು. ತಟ್ಟೆಯೇ ತಪ್ಪಾಗಿದ್ದರೆ ಆ ಚಿತ್ರವನ್ನು ಅಲ್ಲಿಗೇ ಬಿಡಬಹುದು, ಅದರ ಬೆರಳು ಎಣಿಸುತ್ತಾ ಕೂರಬೇಕಿಲ್ಲ. ನೆರಳಿಗೆ ಗೆರೆ ಎಳೆದು ನೋಡುವ ಕೆಲಸ ಇದೆ, ಹೊತ್ತು ಹಿಡಿಯುತ್ತದೆ. ಅದನ್ನು ಉಳಿದ ಚಿತ್ರಗಳಿಗೆ ಮಾತ್ರ ಮಾಡಿದರೆ ಸಾಕು.

ಎಲ್ಲವನ್ನೂ ಒಟ್ಟಿಗೆ ಹರಡಿ ನೋಡಲು ImageMagick ಸಾಫ್ಟ್‌ವೇರ್ ಇದ್ದರೆ, ಚಿತ್ರಗಳ ಫೋಲ್ಡರ್‌ನಲ್ಲಿ ಟರ್ಮಿನಲ್ ತೆರೆದು ಇದೊಂದು ಸಾಲು ಕೊಟ್ಟರೆ ಸಾಕು. ಪ್ರತಿ ಚಿತ್ರದ ಕೆಳಗೆ ಫೈಲ್ ಹೆಸರೂ ಬರುತ್ತದೆ:

```
montage -label '%f' *.jpg -tile 5x4 -geometry 400x400+6+6 sheet.jpg
```

ಒಂದು ಪುಟಕ್ಕೆ ಇಪ್ಪತ್ತರಂತೆ ಮೂರು ಪುಟ ಬರುತ್ತವೆ. ಹೀಗೆ ಒಟ್ಟಿಗೆ ನೋಡಿದರೆ ಒಂದೇ ಮುಖ ನಾಲ್ಕು ಕಡೆ ಬಂದದ್ದು, ಒಂದು ತಟ್ಟೆ ಮಾತ್ರ ಬೇರೆ ಬಣ್ಣದಲ್ಲಿರುವುದು ತಕ್ಷಣ ಗೊತ್ತಾಗುತ್ತದೆ.

ಇನ್ನು ಪ್ರಾಡಕ್ಟ್. ಯೂನಿಟ್‌ನಿಂದ ನಿಜವಾದ ತಟ್ಟೆ ತರಿಸಿ ಮೇಜಿನ ಮೇಲೆ ಇಟ್ಟುಕೊಳ್ಳಿ. ಬರೀ ಫೋಟೋ ಸಾಲುವುದಿಲ್ಲ. ಕೈಯಲ್ಲಿ ಹಿಡಿದು ನೋಡಿ. ಹಾಳೆಯ ನಾರು ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಓಡುತ್ತದೆ. ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದ ಮೇಲೂ ಆ ಗೆರೆಗಳು ತಟ್ಟೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತವೆ. ತಟ್ಟೆ ದುಂಡಗಿದ್ದರೂ ಗೆರೆ ದುಂಡಗಾಗುವುದಿಲ್ಲ. ಎಐ ಇಲ್ಲೇ ಎಡವುತ್ತದೆ. ಮರದ ತಟ್ಟೆಯ ಹಾಗೆ ಸುತ್ತು ಸುತ್ತಾಗಿ ಬಳೆ ಬಿಡಿಸುತ್ತದೆ, ಇಲ್ಲದಿದ್ದರೆ ಗೆರೆ ಅಂಚಿನ ಜೊತೆಗೇ ಬಾಗುತ್ತದೆ. ದೂರದಿಂದ ಚೆಂದವೇ ಕಾಣುತ್ತದೆ. ಆದರೆ ಅಡಿಕೆ ತೋಟ ಇರುವ ಯಾರೇ ನೋಡಿದರೂ ಇದು ಹಾಳೆ ಅಲ್ಲ ಎಂದು ಹೇಳಿಬಿಡುತ್ತಾರೆ. ಅಂಥ ಚಿತ್ರವನ್ನು ತಿದ್ದುವುದಕ್ಕಿಂತ ಬಿಡುವುದೇ ಒಳ್ಳೆಯದು.

ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟ ಚಿತ್ರ, ಸಾಲಾಗಿ ಹಾಕಿದ ಚಿತ್ರ ಇದ್ದರೆ ಇನ್ನೊಂದು ನೋಡಿ. ನಿಜವಾದ ಹಾಳೆತಟ್ಟೆ ಎರಡು ಒಂದೇ ತರ ಇರುವುದಿಲ್ಲ. ಒಂದು ತಿಳಿ, ಒಂದು ಕಂದು, ಒಂದರ ಮೂಲೆಯಲ್ಲಿ ಕಪ್ಪು ಮಚ್ಚೆ. ಮದುವೆ ಪಂಕ್ತಿಯ ಚಿತ್ರದಲ್ಲಿ ಎಲ್ಲ ತಟ್ಟೆಯಲ್ಲೂ ಒಂದೇ ಮಚ್ಚೆ ಒಂದೇ ಜಾಗದಲ್ಲಿದ್ದರೆ ಅದು ನಕಲು ಹೊಡೆದದ್ದು. ಪಿಂಗಾಣಿಯ ಹಾಗೆ ಹೊಳೆಯುತ್ತಿದ್ದರೂ ತೆಗೆಯಿರಿ.

ಅಳತೆ ತಪ್ಪುವುದು ಬಹಳ ಜನರ ಗಮನಕ್ಕೆ ಬರುವುದಿಲ್ಲ, ಆದರೆ ಗಿರಾಕಿಗೆ ಮೋಸ ಆಗುವುದು ಅದರಲ್ಲೇ. ನಿಮ್ಮ ತಟ್ಟೆ 10 ಇಂಚಿನದ್ದು ಅಂತ ಇಟ್ಟುಕೊಳ್ಳಿ, ಅಂದರೆ ಸುಮಾರು 25 ಸೆಂ.ಮೀ. ಹೆಬ್ಬೆರಳು ಬಿಟ್ಟು ದೊಡ್ಡವರ ಅಂಗೈ ಅಗಲ ಅಂದಾಜು 8 ಸೆಂ.ಮೀ. ಇರುತ್ತದೆ. ಹಾಗಾದರೆ ತಟ್ಟೆ ಮೂರು ಅಂಗೈಯಷ್ಟು ಅಗಲ ಕಾಣಬೇಕು. ಚಿತ್ರದಲ್ಲಿ ತಟ್ಟೆ ಓರೆಯಾಗಿದ್ದರೆ ಮೊಟ್ಟೆಯಾಕಾರವಾಗಿ ಕಾಣುತ್ತದೆ, ಆಗ ಅದರ ಉದ್ದನೆಯ ಅಳತೆಯನ್ನೇ ತೆಗೆದುಕೊಳ್ಳಿ. ಎಷ್ಟು ಓರೆಯಾದರೂ ಅದು ಹೆಚ್ಚುಕಡಿಮೆ ಆಗುವುದು ತೀರಾ ಕಮ್ಮಿ. ಒಂದು ಚಿತ್ರದಲ್ಲಿ ಅಂಗೈ 210 ಪಿಕ್ಸೆಲ್, ತಟ್ಟೆ 420 ಪಿಕ್ಸೆಲ್ ಬಂತು ಅನ್ನಿ. ತಟ್ಟೆ ಎರಡೇ ಅಂಗೈ, ಅಂದರೆ 16 ಸೆಂ.ಮೀ. ಅದು 6 ಇಂಚಿನ ತಿಂಡಿ ತಟ್ಟೆ. ನಿಮ್ಮ ಕ್ಲೈಂಟ್ ಅದನ್ನೂ ಮಾರುತ್ತಿದ್ದರೆ ಗೊಂದಲ ಗ್ಯಾರಂಟಿ. ಈ ಲೆಕ್ಕವನ್ನು ತಟ್ಟೆ ಹಿಡಿದ ಕೈಗೆ ಮಾತ್ರ ಮಾಡಿ. ಹಿಂದೆ ದೂರದಲ್ಲಿ ನಿಂತವರ ಕೈ ಲೆಕ್ಕಕ್ಕೆ ಬರುವುದಿಲ್ಲ. ಅಂಗೈಯೂ ಒಬ್ಬೊಬ್ಬರದು ಒಂದೊಂದು ತರ, ಹಾಗಾಗಿ ಎರಡೂಮುಕ್ಕಾಲು, ಮೂರೂಕಾಲು ಬಂದರೆ ಪರವಾಗಿಲ್ಲ. ಎರಡು ಬಂದರೆ ಒಪ್ಪಬೇಡಿ.

ಪ್ಯಾಕೆಟ್ ಚಿತ್ರಕ್ಕೆ ನನ್ನ ಸಲಹೆ ಒಂದೇ. ಲೇಬಲ್ ಬರೆಯುವ ಕೆಲಸವನ್ನು ಎಐಗೆ ಕೊಡಬೇಡಿ. ನಮ್ಮ ಕಡೆ ಪ್ಯಾಕೆಟ್ ಮೇಲೆ ಕನ್ನಡವೂ ಇರುತ್ತದೆ, ಮಲಯಾಳವೂ ಇರುತ್ತದೆ. ಎಐ ಎರಡನ್ನೂ ಹಲವು ಸಲ ಕೆಡಿಸುತ್ತದೆ. ಒತ್ತಕ್ಷರ ಹಾರಿಹೋಗುತ್ತದೆ, ಅಕ್ಷರದ ಹಾಗೆ ಕಾಣುವ ಏನೋ ಒಂದು ಬರುತ್ತದೆ. ಖಾಲಿ ಪ್ಯಾಕೆಟ್ ಮಾಡಿಸಿ, ಅದರ ಮೇಲೆ ಕ್ಲೈಂಟ್ ಕೊಟ್ಟ ಲೇಬಲ್ ಫೈಲನ್ನು ನೀವೇ ಕೂರಿಸಿ. ಆಮೇಲೆ ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿ ಸರಿ ನೋಡಿ. ಮಲಯಾಳ ಓದಲು ಬರದಿದ್ದರೆ ಬರುವವರ ಹತ್ತಿರ ಓದಿಸಿ.

ಎರಡನೇ ಸುತ್ತು ಕೈ. ಈಗಿನ ಮಾಡೆಲ್‌ಗಳಲ್ಲಿ ಆರು ಬೆರಳು ಮೊದಲಿನಷ್ಟು ಬರುವುದಿಲ್ಲ. ಹಾಗಂತ ಐದು ಎಣಿಸಿ ಮುಂದೆ ಹೋದರೆ ತಪ್ಪು ಉಳಿಯುತ್ತದೆ. ಚಿತ್ರವನ್ನು 100% ಗಾತ್ರಕ್ಕೆ ತನ್ನಿ. ಪ್ರತಿ ಬೆರಳನ್ನೂ ಉಗುರಿನಿಂದ ಶುರು ಮಾಡಿ ಬುಡದವರೆಗೆ ಹಿಂಬಾಲಿಸಿ. ಬೆರಳಿಗೆ ಮೂರು ತುಂಡು, ಹೆಬ್ಬೆರಳಿಗೆ ಕಾಣುವುದು ಎರಡೇ. ದಾರಿಯಲ್ಲಿ ಎರಡು ಬೆರಳು ಕೂಡಿಹೋದರೆ, ಒಂದು ಗಂಟು ಜಾಸ್ತಿ ಬಂದರೆ ಅಲ್ಲೇ ಸಿಕ್ಕಿಬೀಳುತ್ತದೆ.

ತಟ್ಟೆ ಹಿಡಿದ ಕೈಯಲ್ಲಿ ಇನ್ನೂ ಒಂದು ಕಷ್ಟ ಇದೆ. ತಟ್ಟೆಯ ಪಕ್ಕ ಹಿಡಿದರೆ ಹೆಬ್ಬೆರಳು ಅಂಚಿನ ಮೇಲೆ ಬರುತ್ತದೆ, ಉಳಿದ ನಾಲ್ಕು ಅಡಿಗೆ ಹೋಗುತ್ತವೆ. ಎಐ ಹೆಬ್ಬೆರಳನ್ನು ಮೇಲಿಟ್ಟು, ಅದರ ಪಕ್ಕದಲ್ಲೇ ಮತ್ತೆ ಎರಡು ಬೆರಳಿನ ತುದಿ ಇಡುತ್ತದೆ, ಅಡಿಯಲ್ಲಿ ಬೇರೆ ನಾಲ್ಕು ಕಾಣುತ್ತವೆ. ಮೇಲೆ ಕಂಡದ್ದು, ಅಡಿಯಲ್ಲಿ ಕಂಡದ್ದು ಕೂಡಿಸಿ. ಒಂದು ಕೈಗೆ ಐದು ದಾಟಬಾರದು. ಅಂಚು ಬೆರಳನ್ನು ಸೀಳಿಕೊಂಡು ಹೋಗಿದೆಯಾ ಅಂತಲೂ ನೋಡಿ.

ಕೈ ಎಡದ್ದೋ ಬಲದ್ದೋ ಅನುಮಾನ ಬಂದರೆ ನಿಮ್ಮ ಕೈಯನ್ನೇ ಅದೇ ಭಂಗಿಯಲ್ಲಿ ಹಿಡಿದು ನೋಡಿ, ಬೇರೆ ವಿದ್ಯೆ ಬೇಡ. ಆಮೇಲೆ ಮಣಿಕಟ್ಟಿನಿಂದ ಮೊಣಕೈ, ಮೊಣಕೈಯಿಂದ ಹೆಗಲಿಗೆ ಹೋಗಿ. ಪಂಕ್ತಿ ಊಟದ ಚಿತ್ರದಲ್ಲಿ ಯಾರದೂ ಅಲ್ಲದ ಒಂದು ಕೈ ಬಂದು ಅನ್ನಕ್ಕೆ ಇಳಿದಿರುತ್ತದೆ. ಪಂಕ್ತಿಯಲ್ಲಿ ಎಡಗೈಯಲ್ಲಿ ಉಣ್ಣುವವರು ಇದ್ದರೂ ಗುರುತು ಹಾಕಿ. ಅದು ಅಂಗದ ತಪ್ಪಲ್ಲ, ಆದರೆ ನಮ್ಮ ಊರಿನ ಕ್ಲೈಂಟ್ ಮೊದಲು ಕೈ ತೋರಿಸುವುದು ಅದಕ್ಕೇ. ಚಿತ್ರವನ್ನು ಎಡ-ಬಲ ತಿರುಗಿಸಿದ್ದರಿಂದ ಹಾಗಾಗಿರಬಹುದು, ವಾಪಸ್ ತಿರುಗಿಸಿದರೆ ಸರಿಹೋಗುತ್ತದೆ. ಲೇಬಲ್ ಇದ್ದರೆ ಮಾತ್ರ ಜಾಗ್ರತೆ, ಅಕ್ಷರವೂ ತಿರುಗುತ್ತದೆ.

ಈಗ ನೆರಳು. ಇಲ್ಲಿ ಕಣ್ಣನ್ನು ನಂಬಬೇಡಿ. 2010ರಲ್ಲಿ ಸಂಶೋಧಕರಾದ ಹ್ಯಾನಿ ಫರೀದ್ ಮತ್ತು ಮೇರಿ ಬ್ರಾವೋ ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದಾರೆ: ನೆರಳು, ಪ್ರತಿಬಿಂಬ ತಪ್ಪಿದ್ದನ್ನು ಬರೀ ನೋಡಿ ಹಿಡಿಯುವುದರಲ್ಲಿ ಮನುಷ್ಯರು ತುಂಬಾ ಹಿಂದೆ. ಗೆರೆ ಎಳೆಯಬೇಕು.

ಚಿತ್ರದ ಮೇಲೆ ಹೊಸ ಲೇಯರ್ ಹಾಕಿ. ಒಂದು ವಸ್ತುವಿನ ತುದಿಯಿಂದ ಅದೇ ತುದಿಯ ನೆರಳಿಗೆ ನೇರ ಗೆರೆ ಎಳೆದು ಎರಡೂ ಕಡೆ ಉದ್ದ ಮಾಡಿ. ಮೇಜಿನ ಮೇಲೆ ಲೋಟ ಇದೆ, ಚೊಂಬು ಇದೆ, ಪಕ್ಕದಲ್ಲಿ ಒಂದು ಕಂಬ ಇದೆ ಅನ್ನಿ. ಮೂರಕ್ಕೂ ಒಂದೊಂದು ಗೆರೆ. ಬೆಳಕು ಒಂದೇ ಆಗಿದ್ದರೆ ಮೂರು ಗೆರೆಯೂ ಒಂದೇ ಬಿಂದುವಿನಲ್ಲಿ ಸೇರಬೇಕು. ಸೂರ್ಯ ಕ್ಯಾಮೆರಾದ ಎದುರಿದ್ದರೆ ಆ ಬಿಂದು ಸೂರ್ಯ ಇರುವ ಜಾಗವೇ. ಸೂರ್ಯ ಕ್ಯಾಮೆರಾದ ಹಿಂದಿದ್ದರೆ ಗೆರೆಗಳು ಕೆಳಗಡೆ, ನೆರಳು ಬಿದ್ದ ದಿಕ್ಕಿನಲ್ಲಿ ಸೇರುತ್ತವೆ. ಸರಿಯಾಗಿ ಪಕ್ಕದಿಂದ ಬಿಸಿಲು ಬಂದರೆ ಮಾತ್ರ ಸಮಾನಾಂತರ. ನೆರಳುಗಳೆಲ್ಲ ಸಮಾನಾಂತರವಾಗಿಲ್ಲ ಎಂದು ಒಳ್ಳೆಯ ಚಿತ್ರವನ್ನು ಬಿಸಾಡುವವರಿದ್ದಾರೆ, ಹಾಗೆ ಮಾಡಬೇಡಿ. ಎರಡೇ ಗೆರೆ ಎಳೆದು ತೃಪ್ತಿಯಾಗಲೂಬೇಡಿ. ಎರಡು ಗೆರೆ ಎಲ್ಲಿಯಾದರೂ ಸೇರಿಯೇ ಸೇರುತ್ತವೆ. ಮೂರನೆಯದು ಸೇರುತ್ತದೋ ಇಲ್ಲವೋ ಅನ್ನುವುದೇ ಪರೀಕ್ಷೆ. ಮೋಡದ ಬೆಳಕು, ಹಾಲ್‌ನೊಳಗಿನ ನಾಲ್ಕಾರು ಟ್ಯೂಬ್‌ಲೈಟ್ ಇದ್ದಲ್ಲಿ ಈ ಗೆರೆ ಕೆಲಸ ಮಾಡುವುದಿಲ್ಲ. ಅಲ್ಲಿ ತಟ್ಟೆ ಮೇಜಿಗೆ ತಾಗುವ ಜಾಗದಲ್ಲಿ ತೆಳ್ಳಗೆ ಕಡುಕಪ್ಪು ಗೆರೆ ಇದೆಯಾ ನೋಡಿ. ಇಲ್ಲದಿದ್ದರೆ ತಟ್ಟೆ ತೇಲುತ್ತಿರುವಂತೆ ಕಾಣುತ್ತದೆ.

ತೋಟದ ಚಿತ್ರಗಳಿಗೆ ನಾನು ಎಲ್ಲಕ್ಕಿಂತ ಹೆಚ್ಚು ನೋಡುವುದು ನೆರಳಿನ ಅಂಚನ್ನು. ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಕಾಣುತ್ತಾನೆ. ಹಾಗಾಗಿ ಬಿಸಿಲಿನ ನೆರಳಿನ ಅಂಚು, ವಸ್ತುವಿನಿಂದ ನೆರಳಿಗಿರುವ ದೂರದ ಸುಮಾರು ನೂರರಲ್ಲಿ ಒಂದು ಪಾಲಿನಷ್ಟು ಮಬ್ಬಾಗುತ್ತದೆ. ಅಡಿಕೆ ಸೋಗೆ ಮೇಜಿನಿಂದ 10 ಮೀಟರ್ ಮೇಲಿದ್ದರೆ ಮಬ್ಬು 9 ಸೆಂ.ಮೀ. ಆಗುತ್ತದೆ. ಸೋಗೆಯ ಒಂದೊಂದು ಗರಿ ಬಿಡಿಬಿಡಿಯಾಗಿ ಮೇಜಿನ ಮೇಲೆ ಬೀಳಲು ಸಾಧ್ಯವೇ ಇಲ್ಲ. ನಿಮ್ಮ ತೋಟದಲ್ಲೇ ಮಧ್ಯಾಹ್ನ ನೆಲ ನೋಡಿ, ಮಬ್ಬು ನೆರಳು, ನಡುವೆ ದುಂಡನೆಯ ಬೆಳಕಿನ ಚುಕ್ಕೆಗಳು ಇರುತ್ತವೆ. ಅದೇ ಬಿಸಿಲಿನಲ್ಲಿ ತಟ್ಟೆಯ ಅಂಚು ಮೇಜಿನಿಂದ ಎರಡು ಸೆಂ.ಮೀ. ಎತ್ತರ ಇರುತ್ತದೆ. ಅದರ ನೆರಳು ಕತ್ತರಿಸಿದ ಹಾಗೆ ಚೂಪಾಗಿರಬೇಕು. ಎಐ ಇದನ್ನು ಉಲ್ಟಾ ಮಾಡುತ್ತದೆ. ಗರಿಯ ನೆರಳು ಚೂಪು, ತಟ್ಟೆಯ ನೆರಳು ಸ್ಟುಡಿಯೋದಲ್ಲಿ ತೆಗೆದ ಹಾಗೆ ಮೆತ್ತಗೆ. ಎರಡೂ ಒಂದೇ ಚಿತ್ರದಲ್ಲಿ ಕಂಡರೆ ತೆಗೆದಿಡಿ. ಗರಿ ಮೇಜಿನ ಪಕ್ಕದಲ್ಲೇ, ಒಂದು ಮೀಟರ್ ಒಳಗೆ ಇದ್ದರೆ ಮಾತ್ರ ಅದರ ನೆರಳು ಚೂಪಾಗಿರಬಹುದು.

ನೋಡುತ್ತಾ ಹೋದ ಹಾಗೆ ಒಂದು ಶೀಟ್‌ನಲ್ಲಿ ಫೈಲ್ ಹೆಸರಿನ ಮುಂದೆ ಸರಿ, ತಿದ್ದು, ಬಿಡು ಎಂದು ಬರೆಯಿರಿ. ತಿದ್ದು ಅಂದರೆ ಎಲ್ಲಿ, ಏನು ಅಂತಲೂ ಬರೆಯಿರಿ. ಬೆರಳು, ತಟ್ಟೆ ಅಡಿಯ ನೆರಳು ತಿದ್ದಲು ಆಗುತ್ತದೆ. ಹಾಳೆಯ ಗೆರೆ, ತಟ್ಟೆಯ ಅಳತೆ, ಇಡೀ ಚಿತ್ರದ ಬೆಳಕಿನ ದಿಕ್ಕು ತಪ್ಪಿದ್ದರೆ ಹೊಸದಾಗಿ ಮಾಡಿಸುವುದೇ ಬೇಗ. ಬೆರಳು ತಿದ್ದಿದ ಚಿತ್ರವನ್ನು ಮೊದಲ ಸುತ್ತಿನಿಂದಲೇ ಮತ್ತೆ ನೋಡಬೇಕು, ಯಾಕೆಂದರೆ ಆ ಜಾಗದ ಜೊತೆ ತಟ್ಟೆಯ ಅಂಚೂ ಬದಲಾಗಿರಬಹುದು. ಚಿತ್ರ ದೊಡ್ಡದು ಮಾಡುವ ಎಐ ಅಪ್‌ಸ್ಕೇಲ್ ಕೂಡ ಹಾಳೆಯ ಗೆರೆಯನ್ನೂ ಲೇಬಲ್ ಅಕ್ಷರವನ್ನೂ ತನಗೆ ತೋಚಿದ ಹಾಗೆ ಬದಲಿಸುತ್ತದೆ. ಲೇಬಲ್ ಅನ್ನು ಅಪ್‌ಸ್ಕೇಲ್ ಆದ ಮೇಲೆ ಕೂರಿಸಿ, ಕೊನೆಯ ಚೆಕ್ ಅನ್ನು ಕ್ಲೈಂಟ್‌ಗೆ ಹೋಗುವ ಫೈಲಿನ ಮೇಲೆಯೇ ಮಾಡಿ.