ಇಂಟರ್‌ವ್ಯೂ ಫೋನಿನಲ್ಲಿ ಮಾಡಿ ಅಂತ ಕೇಳಬಹುದಾ?

*ನಾನು ಕುಷ್ಟಗಿಯವಳು, ಬಿ.ಕಾಂ. ಮುಗಿಸಿದ್ದೇನೆ. ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ಕೆಲಸಕ್ಕೆ ಎರಡನೇ ಸುತ್ತಿನ ಇಂಟರ್‌ವ್ಯೂ ಗುರುವಾರ ಸಂಜೆ ನಾಲ್ಕಕ್ಕೆ, ಗೂಗಲ್ ಮೀಟ್‌ನಲ್ಲಿ. ಮನೆಯ ವೈಫೈ ನಂಬುವಂತಿಲ್ಲ, ಕರೆಂಟ್ ಹೋದರೆ ಅದೂ ಹೋಗುತ್ತೆ. ಮೊದಲ ಸುತ್ತು ನಡುವೆ ಕಟ್ಟಾಗಿ, ಎಚ್‌ಆರ್ ಮೇಡಂ ಫೋನ್ ಮಾಡಿ ಮುಗಿಸಿದರು. ಈ ಸಲ ಆಡಿಯೊ ಕಾಲ್‌ನಲ್ಲೇ ಮಾಡಿ ಅಂತ ಕೇಳಲಾ? ಬೆಂಗಳೂರಿನಲ್ಲಿರುವ ಅಣ್ಣ, "ಹಂಗ ಕೇಳಿದ್ರ ಹಳ್ಳಿಯಾಕಿ ಅಂತ ತಿಳ್ಕೊಂತಾರ, ಹೊಸಪೇಟಿಗೆ ಹೋಗಿ ಲಾಡ್ಜಿನಾಗ ಕುಂದ್ರು" ಅಂತಾನೆ.*

ತಂಗಿ, "ಫೋನ್ ಮಾಡಿ ಮುಗಿಸಿದರು" ಎಂಬುದನ್ನು ಅಷ್ಟು ಸಲೀಸಾಗಿ ದಾಟಿಬಿಟ್ಟೆಯಲ್ಲ! ನಿನ್ನ ಅರ್ಧ ಇಂಟರ್‌ವ್ಯೂ ಫೋನಿನಲ್ಲೇ ಆಗಿದೆ, ಆಮೇಲೂ ಅವರು ನಿನ್ನನ್ನು ಎರಡನೇ ಸುತ್ತಿಗೆ ಕರೆದಿದ್ದಾರೆ. ಇನ್ನು ಯಾರ ಅಪ್ಪಣೆ ಬೇಕು?

ನಿಮ್ಮಣ್ಣನ ಮೇಲೆ ನನಗೆ ಸಿಟ್ಟಿದೆ. ಲಾಡ್ಜಿನ ವೈಫೈಯನ್ನು ಹತ್ತು ರೂಮಿನವರು ಹಂಚಿಕೊಳ್ಳುತ್ತಾರೆ ಅನ್ನೋದು ಊರು ಬಿಟ್ಟವನಿಗೆ ಮರೆತುಹೋಗಿರಬೇಕು. ಕುಷ್ಟಗಿಯಿಂದ ಬಸ್ಸಿನಲ್ಲಿ ಹೋಗಿ, ದುಡ್ಡು ಕೊಟ್ಟು, ಗೊತ್ತಿಲ್ಲದ ನೆಟ್ ಮುಂದೆ ಕೂರುವುದು ಯಾವ ಜಾಣತನ?

ಆದರೆ ಏನು ಕೇಳುತ್ತಿದ್ದೀಯ ಅನ್ನೋದು ನಿನಗೇ ಸ್ಪಷ್ಟವಿರಲಿ. ಮೀಟ್‌ನಲ್ಲಿ ಕ್ಯಾಮೆರಾ ಆಫ್ ಮಾಡಿದರೆ ಹೊರೆ ಕಮ್ಮಿಯಾಗುತ್ತದೆ, ನಿಜ. ಮಾತಿಗೆ ಬೇಕಾಗುವ ಡೇಟಾ ವಿಡಿಯೊಗಿಂತ ಎಷ್ಟೋ ಪಾಲು ಕಡಿಮೆ. ಆದರೂ ಆ ಮಾತು ಹೋಗುವುದು ಅದೇ ವೈಫೈ ಮೇಲೆ. ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ ಅಂಕಿ ದೊಡ್ಡದಾಗಿ ಕಂಡರೂ ನಿನ್ನ ದನಿ ಅವರನ್ನು ಮುಟ್ಟುವುದು ಅಪ್‌ಲೋಡ್ ದಾರಿಯಲ್ಲಿ. ಅದು ಕ್ಷಣಕ್ಷಣಕ್ಕೆ ತಡವರಿಸಿದರೆ, ನಿನಗೆ ಅವರ ಮಾತು ಚೆನ್ನಾಗಿ ಕೇಳುತ್ತಿರುತ್ತದೆ, ನಿನ್ನ ಮಾತು ಅವರಿಗೆ ತುಂಡುತುಂಡಾಗಿರುತ್ತದೆ. ಅವರು ಮತ್ತೆ ಮತ್ತೆ "ಇನ್ನೊಮ್ಮೆ ಹೇಳಿ" ಅಂದರೆ ತೊಂದರೆ ನಿನ್ನ ಕಡೆಯದು ಅಂತ ತಿಳಿ. ವಾಟ್ಸಾಪ್ ಕಾಲ್‌ನ ಹಣೆಬರಹವೂ ಇದೇ.

ನೀನು ಕೇಳಬೇಕಾದ್ದು ಮಾಮೂಲಿ ಫೋನ್ ಕಾಲ್, ನಂಬರಿಗೆ ನಂಬರು. 4ಜಿಯಲ್ಲಿ ಇಂಥ ಕರೆಗೆ ಡೇಟಾಗಿಂತ ಮೊದಲ ಆದ್ಯತೆ ಸಿಗುತ್ತದೆ. ಕರೆಂಟ್ ಹೋದಾಗ ನಿನ್ನ ರೂಟರ್ ಸತ್ತರೂ ಟವರ್ ಸಾಮಾನ್ಯವಾಗಿ ಬ್ಯಾಟರಿಯ ಮೇಲೆ ಇನ್ನಷ್ಟು ಹೊತ್ತು ನಡೆಯುತ್ತದೆ. ಹಾಗಂತ ಮನೆಯ ಎಲ್ಲ ಮೂಲೆಯೂ ಒಂದೇ ಅಲ್ಲ. ದಿನಾ ಗೆಳತಿಯ ಜೊತೆ ಕಟ್ಟಾಗದೆ ಮಾತಾಡುವ ಜಾಗ ಒಂದಿರುತ್ತದಲ್ಲ, ಕುರ್ಚಿ ಅಲ್ಲಿಗೆ ಹಾಕಿಕೊ.

ಮೇಲ್ ಕಳಿಸುವುದು ಬುಧವಾರ ಬೆಳಿಗ್ಗೆ, ಇಂಟರ್‌ವ್ಯೂ ಮಾಡುವವರಿಗಲ್ಲ, ಆ ಎಚ್‌ಆರ್ ಮೇಡಂಗೆ. ತಪ್ಪು ಮಾಡದೆ ಕ್ಷಮೆ ಕೇಳಬೇಡಿ ಅಂತ ಈ ಅಂಕಣದಲ್ಲಿ ಬರೆದೂ ಬರೆದೂ ಸಾಕಾಗಿದೆ. ಊರಿನ ಪುರಾಣ, ನೆಟ್‌ನವನ ಮೇಲಿನ ದೂರು ಎರಡೂ ಬೇಡ. ವಿಷಯ ಇಷ್ಟು:

"ಮೇಡಂ, ಗುರುವಾರ ನಾಲ್ಕರ ಇಂಟರ್‌ವ್ಯೂಗೆ ತಯಾರಿದ್ದೇನೆ. ಮನೆಯ ಇಂಟರ್‌ನೆಟ್ ಸ್ಥಿರವಾಗಿಲ್ಲ. ಕಳೆದ ಸಲದಂತೆ ಇದೇ ನಂಬರಿಗೆ ಫೋನ್ ಮಾಡಿ ನಡೆಸಬಹುದೇ? ಗುರುತಿಗಾಗಿ ಮೊದಲ ಎರಡು ನಿಮಿಷ ವಿಡಿಯೊದಲ್ಲಿ ಬರುತ್ತೇನೆ."

ಕೊನೆಯ ಸಾಲು ಬಿಡಬೇಡ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಕೂತು ಉತ್ತರ ಹೇಳುವ ಕಾಟ ಕಂಪನಿಗಳಿಗಿದೆ. ವಿಡಿಯೊ ಬೇಕು ಅನ್ನುವುದರ ಹಿಂದೆ ಎಷ್ಟೋ ಸಲ ಇರುವುದು ಆ ಅನುಮಾನವೇ. ಎರಡು ನಿಮಿಷ ಮುಖ ತೋರಿಸಿದರೆ ಅದು ತೀರುತ್ತದೆ.

ಒಂದು ತೊಡಕು. ಅಕೌಂಟ್ಸ್ ಕೆಲಸವಾದ್ದರಿಂದ ಎಕ್ಸೆಲ್ ತೆರೆದು ತೋರಿಸು ಅನ್ನಬಹುದು, ಬರೀ ಫೋನ್ ಸಾಲದು. ಆಗ ಪರದೆ ಮೀಟ್‌ನಲ್ಲಿ, ಮಾತು ಫೋನಿನಲ್ಲಿ ಇರಲಿ. ಕೆಲವು ಮೀಟ್ ಆಹ್ವಾನಗಳಲ್ಲೇ ಡಯಲ್ ಮಾಡುವ ನಂಬರು, ಪಿನ್ ಇರುತ್ತವೆ. ಅದು ಕರೆದವರ ಖಾತೆಯ ಮೇಲೆ ನಿಂತಿದೆ. ನಂಬರು +1 ಎಂದು ಶುರುವಾದರೆ ಡಯಲ್ ಮಾಡಬೇಡ, ಐಎಸ್‌ಡಿ ಬಿಲ್ ಬೀಳುತ್ತದೆ, ಅವರೇ ಕರೆಯಲಿ. ಪರದೆಗೆ ಹಾಟ್‌ಸ್ಪಾಟ್ ಬೇಕಾದರೆ ಅಮ್ಮನದೋ ಅಪ್ಪನದೋ ಫೋನ್ ತಗೊ. ಎರಡು ಸಿಮ್‌ನ ಫೋನಿನಲ್ಲಿ ಒಂದರಲ್ಲಿ ಕರೆ ನಡೆಯುವಾಗ ಇನ್ನೊಂದರ ಡೇಟಾ ಸಾಮಾನ್ಯವಾಗಿ ನಿಂತುಬಿಡುತ್ತದೆ.

ಅವರು ಒಪ್ಪದೆ ವಿಡಿಯೊನೇ ಬೇಕು ಅಂದರೆ, ಆಗ ಮಾತ್ರ ಊರಲ್ಲೇ ನೆಟ್ ಚೆನ್ನಾಗಿರುವ ಪರಿಚಯದವರ ಮನೆ ಹುಡುಕು. ನಿಮ್ಮಣ್ಣನಿಗೆ ಒಂದು ಮಾತು ಹೇಳಿಡು: ಗುರುವಾರ ನಾಲ್ಕರಿಂದ ಐದರವರೆಗೆ "ಏನಾತು, ಏನಾತು" ಅಂತ ಫೋನ್ ಮಾಡಬಾರದು.