ನಾಲ್ಕು ಎಕರೆ ಖುಷ್ಕಿಗೆ ಹಳ್ಳಿಕಾರ್ ಯಾಕೆ ಒಗ್ಗುತ್ತದೆ

ಪ್ರಶ್ನೆ: ಶಿರಾ ಕಡೆ ನಾಲ್ಕು ಎಕರೆ ಖುಷ್ಕಿ ಇದೆ, ಬೋರ್ ಇಲ್ಲ. ರಾಗಿ, ಕಡಲೆಕಾಯಿ ಬೆಳೀತೀವಿ. ಸೀಮೆಹಸು ಕಟ್ಟಲಾ, ನಾಟಿ ದನ ಕಟ್ಟಲಾ? ನಾಟಿ ಹಸು ಹಾಲೇ ಕೊಡಲ್ಲ ಅಂತಾರೆ. ಹಾಗಿದ್ರೆ ಕಡಿಮೆ ಖರ್ಚಿನ ಬೇಸಾಯಕ್ಕೆ ಅದೇ ಸರಿ ಅಂತ ಯಾಕೆ ಹೇಳ್ತಾರೆ?

ಹಾಲು ಕಡಿಮೆ ಅನ್ನೋದು ನಿಜ, ಮೊದಲು ಅದನ್ನೇ ಮಾತಾಡಿಬಿಡೋಣ. ನಿಮ್ಮ ಕಡೆಯ ನಾಟಿ ತಳಿ ಅಂದರೆ ಹಳ್ಳಿಕಾರ್. ಅದು ಒಂದು ಸೂಲಿಗೆ ಸರಾಸರಿ 540 ಕೆಜಿ ಹಾಲು ಕೊಡುತ್ತದೆ. ಕೆಲವು ಹಸು 250 ಕೆಜಿಗೂ ಬರುವುದಿಲ್ಲ, ಅಪರೂಪಕ್ಕೆ ಒಂದೊಂದು ಸಾವಿರ ದಾಟುತ್ತದೆ. ದಿನದ ಲೆಕ್ಕದಲ್ಲಿ ಎರಡು ಲೀಟರ್ ಅಂತಿಟ್ಟುಕೊಳ್ಳಿ. ಕರು ಕುಡಿದು ಮಿಕ್ಕಿದ್ದರಲ್ಲಿ ನಿಮ್ಮ ಮನೆಗೆ ಲೀಟರು, ಲೀಟರೂವರೆ. ಹಾಲು ಮಾತ್ರ ಗಟ್ಟಿ, ಕೊಬ್ಬು ಐದರ ಮೇಲೇ ಇರುತ್ತದೆ. ಕಾಫಿಗೆ, ಮಜ್ಜಿಗೆಗೆ, ತಿಂಗಳಿಗೆ ಒಂದಿಷ್ಟು ತುಪ್ಪಕ್ಕೆ ಸಾಕು. ಡೈರಿಗೆ ಹಾಲು ಹಾಕಿ ದುಡ್ಡು ಎಣಿಸಬೇಕು ಅಂತಿದ್ದರೆ ಹಳ್ಳಿಕಾರ್ ಕಟ್ಟಲೇಬೇಡಿ. ಅದು ಹಾಲಿನ ತಳಿ ಅಲ್ಲ, ಕೆಲಸದ ತಳಿ.

ಹಾಗಾದರೆ ಯಾಕೆ ಕಟ್ಟಬೇಕು? ಏಪ್ರಿಲ್ ತಿಂಗಳಲ್ಲಿ ನಿಮ್ಮ ಕೊಟ್ಟಿಗೆಯಲ್ಲಿ ಏನಿರುತ್ತದೆ ನೋಡಿ. ಬೋರ್ ಇಲ್ಲ, ಹಸಿರು ಮೇವಿಲ್ಲ. ಬಣವೆಯಲ್ಲಿ ರಾಗಿ ಹುಲ್ಲು, ಒಂದು ಮೂಲೆಯಲ್ಲಿ ಕಡಲೆ ಬಳ್ಳಿ, ಅಷ್ಟೇ. ರಾಗಿ ಹುಲ್ಲಿನಲ್ಲಿ ಪ್ರೋಟೀನ್ ನೂರಕ್ಕೆ ಮೂರೋ ನಾಲ್ಕೋ. ಯಾವ ಹಸುವಾದರೂ ತಿಂದದ್ದು ಮೊದಲು ಅದರ ಮೈಗೇ ಹೋಗಬೇಕು. ಉಸಿರಾಡಬೇಕು, ನಡೆಯಬೇಕು, ಮೈ ಬಿಸಿ ಕಾಯಬೇಕು. ಮಿಕ್ಕಿದರೆ ಮಾತ್ರ ಹಾಲು. ಹಳ್ಳಿಕಾರ್ ಹಸು 230-250 ಕೆಜಿ ತೂಗುತ್ತದೆ. ದಿನಕ್ಕೆ ಆರು ಕೆಜಿ ಒಣ ಮೇವು ತಿಂದರೆ ಅದರ ಮೈ ನಡೆದುಹೋಗುತ್ತದೆ. ಎಚ್‌ಎಫ್ ಮಿಶ್ರ ಸೀಮೆಹಸು 400 ಕೆಜಿ ಮೇಲೆ. ಅದಕ್ಕೆ ದಿನಕ್ಕೆ 12 ಕೆಜಿ ಒಣ ಮೇವಿನ ಲೆಕ್ಕ ಬೇಕು, ಅದರಲ್ಲೂ ಒಂದಷ್ಟು ಹಸಿರು ಇರಲೇಬೇಕು. ಹತ್ತು ಲೀಟರ್ ಹಾಲು ಬೇಕಾದರೆ ದಿನಾ ಐದೂವರೆ ಕೆಜಿ ಪಶು ಆಹಾರ ಬೇರೆ. ನಿಮ್ಮೂರಿನ ಮೂಟೆ ಬೆಲೆ ಹಾಕಿ ಗುಣಿಸಿ ನೋಡಿ. ಡೈರಿ ರೇಟಿನಲ್ಲಿ ಕಳೆದರೆ ಕೈಗೇನು ಉಳಿಯುತ್ತದೆ ಅಂತ ಗೊತ್ತಾಗುತ್ತದೆ.

ಬರೀ ರಾಗಿ ಹುಲ್ಲು ಹಾಕಿ ಸೀಮೆಹಸು ಸಾಕಿದರೆ ಹಾಲು ಇಳಿಯುವುದಷ್ಟೇ ಅಲ್ಲ. ಹಸು ಸೊರಗುತ್ತದೆ, ಆಮೇಲೆ ಬೆದೆಗೆ ಬರುವುದೇ ನಿಂತುಹೋಗುತ್ತದೆ. ಎಂಟು ತಿಂಗಳು, ವರ್ಷ ಹಾಗೇ ಖಾಲಿ ನಿಲ್ಲುತ್ತದೆ. ಮೇವು ತಿನ್ನುತ್ತಲೇ ಇರುತ್ತದೆ. ಒಣ ಸೀಮೆಯಲ್ಲಿ ಸೀಮೆಹಸು ಕಟ್ಟಿ ಕೈ ಸುಟ್ಟುಕೊಂಡವರನ್ನು ಕೇಳಿ, ಬಹಳ ಜನ ಇದನ್ನೇ ಹೇಳುತ್ತಾರೆ.

ನಾಟಿ ದನ ಅದೇ ಹುಲ್ಲಿನಲ್ಲಿ ಬದುಕುವುದು ಸುಮ್ನೆ ಅಲ್ಲ, ಅದಕ್ಕೆ ಕಾರಣ ಇದೆ. ಮೇವಿನಲ್ಲಿ ಪ್ರೋಟೀನ್ ಕಡಿಮೆಯಾದಾಗ ದನದ ಮೈ ಯೂರಿಯಾವನ್ನೆಲ್ಲ ಮೂತ್ರದಲ್ಲಿ ಬಿಡುವುದಿಲ್ಲ. ಒಂದು ಪಾಲನ್ನು ಜೊಲ್ಲಿನ ಮೂಲಕ, ರಕ್ತದ ಮೂಲಕ ಮತ್ತೆ ಹೊಟ್ಟೆಗೆ ಕಳಿಸುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಬಳಸಿಕೊಂಡು ಹುಲ್ಲಿನ ನಾರು ಕರಗಿಸುತ್ತವೆ. ಎಲ್ಲ ದನಗಳಲ್ಲೂ ಈ ವ್ಯವಸ್ಥೆ ಇದೆ, ಆದರೆ ಹಳ್ಳಿಕಾರಿನಂಥ, ಬೆನ್ನ ಮೇಲೆ ಡುಬ್ಬ ಇರುವ ದನಗಳಲ್ಲಿ ಇದು ಹೆಚ್ಚು ಚೆನ್ನಾಗಿ ನಡೆಯುತ್ತದೆ. ಮೈಯ ಖರ್ಚೂ ಕಡಿಮೆ. ಕೂದಲು ಗಿಡ್ಡ, ಬೆವರು ಜಾಸ್ತಿ, ಹಾಗಾಗಿ ಬಿಸಿಲಲ್ಲೂ ಮೇವು ಬಿಡುವುದಿಲ್ಲ. ಎಚ್‌ಎಫ್ ಹಸು 25 ಡಿಗ್ರಿ ದಾಟಿದರೆ ಏದುಸಿರು ಬಿಡಲು ಶುರು ಮಾಡುತ್ತದೆ, ತಿನ್ನುವುದು ಕಡಿಮೆ ಮಾಡುತ್ತದೆ. ನಿಮ್ಮ ಕಡೆ ಮಾರ್ಚ್‌ನಿಂದ ಮೇ ತನಕ ಹಗಲು ಬಿಸಿಲು ಎಷ್ಟಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಈಗ ನಿಮ್ಮ ನಾಲ್ಕು ಎಕರೆ ಲೆಕ್ಕ. ಮೂರು ಎಕರೆ ರಾಗಿ, ಒಂದು ಎಕರೆ ಕಡಲೆಕಾಯಿ ಅಂತಿಟ್ಟುಕೊಳ್ಳೋಣ. ಮಳೆ ನೆಟ್ಟಗಾದ ವರ್ಷ ಎಕರೆಗೆ ಒಂದು ಕಾಲು, ಒಂದೂವರೆ ಟನ್ ರಾಗಿ ಹುಲ್ಲು ಬರುತ್ತದೆ. ಮೂರು ಎಕರೆಗೆ ನಾಲ್ಕು ಟನ್. ಕಡಲೆ ಬಳ್ಳಿ ಅರ್ಧ ಟನ್. ಒಂದು ಜೊತೆ ಎತ್ತು, ಒಂದು ಹಸು ಕಟ್ಟಿದರೆ ದಿನಕ್ಕೆ 22 ಕೆಜಿ ಬೇಕು, ಎತ್ತಿಗೆ ಎಂಟೆಂಟು, ಹಸುವಿಗೆ ಆರು. ವರ್ಷಕ್ಕೆ ಎಂಟು ಟನ್. ಅರ್ಧ ನಿಮ್ಮ ಬಣವೆಯಿಂದ, ಉಳಿದರ್ಧ ಬದುವಿನ ಹುಲ್ಲು, ಗೋಮಾಳ, ಕೆರೆ ಅಂಗಳ, ಕೊಯ್ಲಾದ ಹೊಲ. ಅಂದರೆ ಒಂದು ಜೊತೆ, ಒಂದು ಹಸು. ಇಷ್ಟೇ ನಿಮ್ಮ ಭೂಮಿಯ ತಾಕತ್ತು. ಊರಲ್ಲಿ ಗೋಮಾಳ ಉಳಿದಿಲ್ಲ ಅಂದರೆ ಇದೂ ನಡೆಯುವುದಿಲ್ಲ, ಹುಲ್ಲು ಕೊಳ್ಳಬೇಕಾಗುತ್ತದೆ. ನಾಟಿ ದನಕ್ಕೆ ಖರ್ಚೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಖರ್ಚು ಇದ್ದೇ ಇರುತ್ತದೆ, ಅದರ ಬಹುಪಾಲು ನಿಮ್ಮ ಹೊಲದಲ್ಲೇ ಹುಟ್ಟುತ್ತದೆ ಅನ್ನೋದಷ್ಟೇ ವ್ಯತ್ಯಾಸ.

ಕಡಲೆ ಬಳ್ಳಿಯನ್ನು ಜೋಪಾನ ಮಾಡಿ. ಅದರಲ್ಲಿ ರಾಗಿ ಹುಲ್ಲಿಗಿಂತ ಎರಡರಷ್ಟು ಮೇಲೆ ಪ್ರೋಟೀನ್ ಇರುತ್ತದೆ. ಸುಗ್ಗಿ ಮುಗಿದ ಕೂಡಲೇ ಸಿಕ್ಕಷ್ಟು ತಿನ್ನಿಸಿಬಿಡುವವರೇ ಹೆಚ್ಚು. ಆಗ ಹೊಲದಲ್ಲಿ ಮೇವು ಇದ್ದೇ ಇರುತ್ತದೆ. ನೆನೆಯದಂತೆ ಒಟ್ಟಿಟ್ಟು ಬೇಸಿಗೆಯಲ್ಲಿ ದಿನಾ ಒಂದೊಂದು ಕೈಹಿಡಿ ಹುಲ್ಲಿನ ಜೊತೆ ಬೆರೆಸಿ ಹಾಕಿ. ರಾಗಿ ಸಾಲಿನ ನಡುವೆ ಅವರೆ ಹಾಕುತ್ತೀರಲ್ಲ, ಅದರ ಹೊಟ್ಟೂ ಹೀಗೇ. ಸಾಕಾಗುತ್ತಿದೆಯೋ ಇಲ್ಲವೋ ಅಂತ ಸಗಣಿ ನೋಡಿದರೆ ತಿಳಿಯುತ್ತದೆ. ಸಗಣಿ ಗಟ್ಟಿಯಾಗಿ, ಉಂಡೆ ಕಟ್ಟಿ, ಹುಲ್ಲಿನ ಎಳೆ ಎಳೆಯಾಗಿ ಬೀಳುತ್ತಿದ್ದರೆ ಹೊಟ್ಟೆಯಲ್ಲಿ ಹುಲ್ಲು ಸರಿಯಾಗಿ ಕರಗುತ್ತಿಲ್ಲ. ನೀರು ಜಾಸ್ತಿ ಕುಡಿಸಿ, ಕಲಗಚ್ಚಿಗೆ ಒಂದು ಹಿಡಿ ಹಿಂಡಿ ಹಾಕಿ.

ಇನ್ನು ಎತ್ತು. ಹಳ್ಳಿಕಾರಿನ ನಿಜವಾದ ಬೆಲೆ ಇರುವುದು ಇಲ್ಲೇ. ಒಳ್ಳೆ ಜೊತೆ ಬೆಳಗಿನ ಜಾವ ನೊಗ ಹೊತ್ತರೆ ಬಿಸಿಲೇರುವ ಹೊತ್ತಿಗೆ ಮುಕ್ಕಾಲು ಎಕರೆ ಉತ್ತು ಮುಗಿಸುತ್ತದೆ. ಬರೀ ಉಳುಮೆಗಾದರೆ ಟ್ರ್ಯಾಕ್ಟರ್ ಬಾಡಿಗೆಗೆ ತರಬಹುದು, ನಾನೂ ತರುತ್ತೇನೆ. ವಿಷಯ ಬೇರೆ ಎರಡು ಕಡೆ ಇದೆ. ಒಂದು, ಬಿತ್ತನೆ. ಕೆಂಪು ಮಣ್ಣಿನಲ್ಲಿ ಹದ ನಿಲ್ಲುವುದು ಎರಡು ಮೂರು ದಿನ. ಮಳೆ ಬಿದ್ದ ದಿನ ಊರಿಗೆಲ್ಲ ಟ್ರ್ಯಾಕ್ಟರ್ ಬೇಕು, ನಿಮ್ಮ ಸರದಿ ನಾಲ್ಕನೇ ದಿನ ಬರುತ್ತದೆ. ಅಷ್ಟರಲ್ಲಿ ಮಣ್ಣು ಆರಿರುತ್ತದೆ. ಮನೆಯಲ್ಲಿ ಎತ್ತಿದ್ದರೆ ಮಾರನೇ ಬೆಳಿಗ್ಗೆಯೇ ಕೂರಿಗೆ ಹೂಡಬಹುದು. ಎರಡು, ಎಡೆಕುಂಟೆ. ಬಿತ್ತಿ ಮೂರು ವಾರಕ್ಕೆ ರಾಗಿ ಸಾಲಿನ ನಡುವೆ ಕುಂಟೆ ಹಾಯಿಸಿದರೆ ಕಳೆ ಸಾಯುತ್ತದೆ, ಮೇಲ್ಮಣ್ಣು ಸಡಿಲವಾಗಿ ಕೆಳಗಿನ ತೇವ ಉಳಿಯುತ್ತದೆ. ಒಂದಡಿ ಸಾಲಿನೊಳಗೆ ಟ್ರ್ಯಾಕ್ಟರ್ ಇಳಿಯುವುದಿಲ್ಲ. ಹಳ್ಳಿಕಾರ್ ಎತ್ತಿನ ಗೊರಸು ಚಿಕ್ಕದು, ಗಟ್ಟಿ, ನಡಿಗೆ ಚುರುಕು. ಪಳಗಿದ ಜೊತೆ ಪೈರು ತುಳಿಯದೆ ಸಾಲು ಹಿಡಿದು ಹೋಗುವುದನ್ನು ನೋಡಬೇಕು! ಎತ್ತಿಲ್ಲದಿದ್ದರೆ ಇದೇ ಕೆಲಸಕ್ಕೆ ಕಳೆ ಕೀಳುವ ಆಳು ಹುಡುಕಬೇಕು, ಇಲ್ಲವೇ ಕಳೆನಾಶಕ ಹೊಡೆಯಬೇಕು.

ಗೊಬ್ಬರವೂ ಸಣ್ಣದಲ್ಲ. ಮೂರು ದನದಿಂದ, ಮೇಯುವಾಗ ಹೊರಗೆ ಬಿದ್ದದ್ದು ಬಿಟ್ಟು, ವರ್ಷಕ್ಕೆ ನಾಲ್ಕು ಟನ್ ಆಸುಪಾಸು ಕೊಳೆತ ಗೊಬ್ಬರ ಆಗುತ್ತದೆ. ಮಳೆಯಾಶ್ರಿತ ರಾಗಿಗೆ ಎಕರೆಗೆ ಮೂರು ಟನ್ ಬೇಕು. ಅಲ್ಲಿಗೆ ಪ್ರತಿ ವರ್ಷ ಒಂದು ಚಿಲ್ಲರೆ ಎಕರೆಗೆ ಸರಿಯಾಗಿ ಗೊಬ್ಬರ ಹಾಕಿ, ತಿರುಗಿಸುತ್ತಾ ಹೋಗಬಹುದು.

ಎತ್ತಿನ ಕಷ್ಟವನ್ನೂ ಹೇಳಬೇಕು. ನಾಲ್ಕು ಎಕರೆಗೆ ವರ್ಷದಲ್ಲಿ ಎರಡು ತಿಂಗಳ ಕೆಲಸವೂ ಇರುವುದಿಲ್ಲ. ತಿನ್ನುವುದು 365 ದಿನ. ಅದಕ್ಕೇ ನಮ್ಮ ಕಡೆ ಜಾಣರು ಎತ್ತನ್ನು ಮುದಿಯಾಗುವ ತನಕ ಇಟ್ಟುಕೊಳ್ಳುವುದಿಲ್ಲ. ಎಳೇ ಹೋರಿಗಳನ್ನು ಜೊತೆ ಮಾಡಿ ತರುತ್ತಾರೆ, ಎರಡು ಹಲ್ಲು ಬಿದ್ದ ಮೇಲೆ ಪಳಗಿಸುತ್ತಾರೆ, ಹಗುರ ಕೆಲಸ ಮಾಡಿಸುತ್ತಾರೆ. ಆರು ಹಲ್ಲಾಗುವ ಹೊತ್ತಿಗೆ ಸಿದ್ಧಗಂಗೆ ಜಾತ್ರೆಗೋ ಘಾಟಿ ಜಾತ್ರೆಗೋ ಹೊಡೆದುಕೊಂಡು ಹೋಗುತ್ತಾರೆ. ಉತ್ತರ ಕರ್ನಾಟಕದಿಂದ ಕೊಳ್ಳುವವರು ಬರುತ್ತಾರೆ. ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರವೇ ಮೇವಿನ ಖರ್ಚು ತುಂಬುತ್ತದೆ. ಎರಡು ಎಕರೆ ಇದ್ದವರಿಗೆ ಇದೂ ಭಾರ. ಅಂಥವರು ಒಂಟಿ ಎತ್ತು ಕಟ್ಟಿ ಪಕ್ಕದವರ ಜೊತೆ ಮುಯ್ಯಿ ಮಾಡಿಕೊಳ್ಳುವುದೇ ವಾಸಿ.

ಹಾಲು, ಕೆಲಸ ಎರಡೂ ಬೇಕು ಅಂತ ಕೆಲವರು ದೇವಣಿ ಹೇಳುತ್ತಾರೆ. ಬೀದರ್, ಲಾತೂರ್ ಕಡೆಯ ಒಳ್ಳೆ ತಳಿ, ಹಾಲು ಹಳ್ಳಿಕಾರಿಗಿಂತ ಜಾಸ್ತಿ. ಆದರೆ ನಿಮ್ಮ ಸುತ್ತಮುತ್ತ ಅದರ ಹೋರಿ ಸಿಗುವುದಿಲ್ಲ, ಮಾರುವಾಗ ಜಾತ್ರೆಯಲ್ಲಿ ಕೇಳುವವರೂ ಕಡಿಮೆ. ದೂರದಿಂದ ದುಬಾರಿ ಗಿರ್ ಹಸು ತರಿಸುವ ಹುಚ್ಚು ಬೇಡ. ಅದೂ ಒಣ ಸೀಮೆಯ ತಳಿಯೇ, ಆದರೆ ಹೆಸರಾದಷ್ಟು ಹಾಲು ಕೊಡಬೇಕಾದರೆ ಅದಕ್ಕೂ ಹಿಂಡಿ, ಹಸಿರು ಬೇಕು. ನಾಟಿ ಹಸುವಿನ ‘ಎ2’ ಹಾಲು ಅಂತ ಲೀಟರಿಗೆ ನೂರು ಚಿಲ್ಲರೆ ಕೊಡುವ ಗಿರಾಕಿ ಪೇಟೆಯಲ್ಲಿ ಇರುತ್ತಾರೆಯೇ ಹೊರತು ನಿಮ್ಮ ಊರಲ್ಲಲ್ಲ.

ಹಳ್ಳಿಕಾರ್ ಹಸುವಿನ ಸ್ವಭಾವ ಮೊದಲೇ ತಿಳಿದಿರಲಿ. ಕಡಸು ಮೊದಲ ಸೂಲಿಗೆ ಬರಲು ಸುಮಾರು ನಾಲ್ಕು ವರ್ಷ ಹಿಡಿಯುತ್ತದೆ. ಸೂಲಿನಿಂದ ಸೂಲಿಗೆ ಒಂದೂವರೆ ವರ್ಷದ ಮೇಲೇ. ಕರು ಮುಂದೆ ನಿಲ್ಲದಿದ್ದರೆ ಸೊರ ಬಿಡುವುದಿಲ್ಲ, ಕರು ಸತ್ತರೆ ಹಾಲೂ ಹೋದಂತೆಯೇ. ಹೊಸಬರು ಹತ್ತಿರ ಹೋದರೆ ಕೊಂಬು ಬೀಸುತ್ತದೆ. ಉಣ್ಣೆ ಕಚ್ಚಿ ಬರುವ ಥೈಲೇರಿಯಾ ಜ್ವರವನ್ನು ಸೀಮೆಹಸುವಿಗಿಂತ ಚೆನ್ನಾಗಿ ತಡೆಯುತ್ತದೆ ನಿಜ, ಆದರೆ ಕಾಲುಬಾಯಿ ರೋಗಕ್ಕೆ ನಾಟಿ, ಸೀಮೆ ಅಂತ ಭೇದ ಇಲ್ಲ. 2022ರ ಚರ್ಮಗಂಟು ರೋಗದಲ್ಲಿ ನಾಟಿ ದನಗಳೂ ಸತ್ತವು. ಲಸಿಕೆ ತಪ್ಪಿಸಬೇಡಿ. ಹಸು ಬೆದೆಗೆ ಬಂದಾಗ ಇಂಜೆಕ್ಷನ್ ಹಾಕುವವರಿಗೆ ಹಳ್ಳಿಕಾರ್ ಹೋರಿಯ ವೀರ್ಯದ ಕಡ್ಡಿಯೇ ಬೇಕು ಅಂತ ಮುಂಚೆಯೇ ಹೇಳಿಡಿ. ಹೇಳದಿದ್ದರೆ ಕೈಗೆ ಸಿಕ್ಕ ಎಚ್‌ಎಫ್ ಕಡ್ಡಿ ಹಾಕಿ ಹೋಗುತ್ತಾರೆ. ಆ ಹೋರಿಕರು ನೊಗಕ್ಕೂ ಸರಿ ಬರುವುದಿಲ್ಲ, ಜಾತ್ರೆಯಲ್ಲೂ ಬೆಲೆ ಬರುವುದಿಲ್ಲ.

ಕೊಳ್ಳುವಾಗ ಮೊದಲು ಕರು ಸಮೇತ ಒಂದು ಹಸು ತನ್ನಿ, ಒಂದು ಬೇಸಿಗೆ ದಾಟಿಸಿ, ಬಣವೆ ಎಷ್ಟು ದಿನ ಬಂತು ನೋಡಿಕೊಳ್ಳಿ. ಎತ್ತು ಆಮೇಲೆ. ಜಾತ್ರೆಯಲ್ಲಿ ಜೊತೆ ನೋಡುವಾಗ ಕೊಂಬಿಗೆ ಎಣ್ಣೆ ಹಚ್ಚಿ ಮಿಂಚಿಸಿದ್ದಕ್ಕೆ ಮರುಳಾಗಬೇಡಿ. ಹಲ್ಲು ನೋಡಿ, ಹೆಗಲ ಮೇಲೆ ನೊಗದ ಹುಣ್ಣು ಇದೆಯಾ ಮುಟ್ಟಿ ನೋಡಿ, ಗಟ್ಟಿ ನೆಲದ ಮೇಲೆ ನಡೆಸಿ ಕುಂಟುತ್ತದಾ ಗಮನಿಸಿ. ಯಾವುದು ಎಡಕ್ಕೆ ಪಳಗಿದ್ದು, ಯಾವುದು ಬಲಕ್ಕೆ ಅಂತ ಕೇಳಿ, ಅಲ್ಲೇ ಗಾಡಿಗೆ ಹೂಡಿಸಿ ಹೊಡೆಸಿ ನೋಡಿ. ಹೂಡಲು ಸಬೂಬು ಹೇಳಿದರೆ ಮುಂದಿನ ಜೊತೆ ನೋಡಿ.